ಅರ್ಜಿಯ ಒಂದು ಕಲಮು, ಹತ್ತು ಲಕ್ಷದ ಕ್ಲೇಮು

2009ರ ಜುಲೈನಲ್ಲಿ ಗುಜರಾತಿನ ಒಬ್ಬರು ಮ್ಯಾಕ್ಸ್ ನ್ಯೂಯಾರ್ಕ್ ಲೈಫ್ ಕಂಪನಿಯಲ್ಲಿ 11 ಲಕ್ಷ ರೂಪಾಯಿಗೆ ಜೀವವಿಮೆ ಮಾಡಿಸಿದರು. ಎರಡು ತಿಂಗಳು ಕಳೆದು, ಸೆಪ್ಟೆಂಬರಿನಲ್ಲಿ, ರಿಲಯನ್ಸ್ ಲೈಫ್ ಕಂಪನಿಗೆ 10 ಲಕ್ಷದ ಟರ್ಮ್ ಪಾಲಿಸಿಗಾಗಿ ಇನ್ನೊಂದು ಅರ್ಜಿ ಹಾಕಿದರು. ಅದರಲ್ಲಿ ಒಂದು ಪ್ರಶ್ನೆಯಿತ್ತು: ನಿಮ್ಮ ಹೆಸರಿನಲ್ಲಿ ಈಗಾಗಲೇ ಬೇರೆ ಜೀವವಿಮೆ ಇದೆಯೇ? ಇಲ್ಲವೆಂಬ ಅರ್ಥದ ಉತ್ತರ ಅಲ್ಲಿ ಬಿತ್ತು. ಕೆಳಗೆ ಸಹಿಯೂ ಬಿತ್ತು. ಒಂದು ವಾರದೊಳಗೆ ಪಾಲಿಸಿ ಮಂಜೂರಾಯಿತು. 2010ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು.

ಅವರ ಪತ್ನಿ ಎರಡೂ ಕಂಪನಿಗಳಿಗೆ ಕ್ಲೇಮು ಸಲ್ಲಿಸಿದರು. ಮೊದಲ ಕಂಪನಿ 11 ಲಕ್ಷ ಕೊಟ್ಟಿತು. ಆ ವಿಷಯ ಎರಡನೆಯ ಕಂಪನಿಯ ಕಿವಿಗೂ ಬಿತ್ತು. ಹಳೆಯ ಪಾಲಿಸಿಯನ್ನು ಬಚ್ಚಿಟ್ಟು ಹೊಸದನ್ನು ಪಡೆದಿದ್ದಾರೆ ಎಂದು ಅದು ಹಣ ಕೊಡಲು ಒಪ್ಪಲಿಲ್ಲ. ಜಿಲ್ಲಾ ಗ್ರಾಹಕ ವೇದಿಕೆ ಕಂಪನಿಯ ಮಾತನ್ನು ಎತ್ತಿಹಿಡಿಯಿತು. ರಾಜ್ಯ ಆಯೋಗವೂ ರಾಷ್ಟ್ರೀಯ ಆಯೋಗವೂ ಪತ್ನಿಯ ಪರ ನಿಂತವು. ಕೊನೆಗೆ 2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿ ಮಾಡಿದ್ದು ಸರಿ ಎಂದಿತು.

ಈ ಪ್ರಕರಣದಲ್ಲಿ ಮುಚ್ಚಿಟ್ಟದ್ದು ಕಾಯಿಲೆಯಲ್ಲ, ಕುಡಿತವಲ್ಲ, ವಯಸ್ಸೂ ಅಲ್ಲ. ಎರಡು ತಿಂಗಳ ಹಿಂದಿನ ಇನ್ನೊಂದು ಪಾಲಿಸಿ, ಅಷ್ಟೆ. ಅದರಿಂದ ಯಾರೂ ಸಾಯುವುದಿಲ್ಲ. ಹಾಗಿದ್ದೂ ಹತ್ತು ಲಕ್ಷ ಏಕೆ ಕೈತಪ್ಪಿತು?

ವಿಮಾ ಕಂಪನಿಯಲ್ಲಿ ಅಂಡರ್‌ರೈಟರ್ ಎಂಬ ಅಧಿಕಾರಿ ಇರುತ್ತಾರೆ. ಅರ್ಜಿ ಒಪ್ಪಬೇಕೇ, ಎಷ್ಟು ಪ್ರೀಮಿಯಂ ಹಾಕಬೇಕು, ವೈದ್ಯಕೀಯ ತಪಾಸಣೆ ಬೇಕೇ ಎಂಬುದನ್ನು ನಿರ್ಧರಿಸುವುದು ಅವರ ಕೆಲಸ. ಅರ್ಜಿದಾರರ ಮೈಯಷ್ಟೇ ಅಲ್ಲ, ಅವರ ಆದಾಯವನ್ನೂ ಅವರು ನೋಡುತ್ತಾರೆ. ಒಬ್ಬ ಮನುಷ್ಯ ಇಲ್ಲವಾದರೆ ಮನೆಗೆ ಆಗುವ ನಷ್ಟ ಎಷ್ಟೋ ಅಷ್ಟಕ್ಕೆ ವಿಮೆ ಇರಬೇಕು. ಅದಕ್ಕಿಂತ ತೀರಾ ಹೆಚ್ಚಾದರೆ ಆ ವಿಮೆಯ ಹಿಂದೆ ಬೇರೇನೋ ಉದ್ದೇಶ ಇದೆಯೇ ಎಂಬ ಅನುಮಾನ ಹುಟ್ಟುತ್ತದೆ. ಆದ್ದರಿಂದ ಎಲ್ಲ ಕಂಪನಿಗಳಲ್ಲಿ ಇರುವ ಪಾಲಿಸಿಗಳ ಮೊತ್ತ ಕೂಡಿಸಿ ಲೆಕ್ಕ ಹಾಕುತ್ತಾರೆ. ಕೆಲವು ಮೊತ್ತದವರೆಗೆ ತಪಾಸಣೆಯಿಲ್ಲದೆ ಪಾಲಿಸಿ ಕೊಡುವುದುಂಟು. ಅದನ್ನು ದಾಟಿದರೆ ರಕ್ತಪರೀಕ್ಷೆ, ಇಸಿಜಿ ಬೇಕಾಗುತ್ತದೆ. ಗುಜರಾತಿನ ಆ ಅರ್ಜಿದಾರರ ಒಟ್ಟು ವಿಮೆ 21 ಲಕ್ಷ ಆಗುತ್ತಿತ್ತು. ಅಂಡರ್‌ರೈಟರ್ ಕಣ್ಣಿಗೆ ಬಿದ್ದದ್ದು 10 ಲಕ್ಷ ಮಾತ್ರ. ಎರಡು ತಿಂಗಳೊಳಗೆ ಎರಡು ಪಾಲಿಸಿ ಏಕೆ ಎಂದು ಕೇಳುವ ಅವಕಾಶವೇ ಅವರಿಗೆ ಸಿಗಲಿಲ್ಲ.

ಕಾನೂನು ಇಂಥ ಸಂಗತಿಯನ್ನು ‘ಮುಖ್ಯ ಸಂಗತಿ’ ಎನ್ನುತ್ತದೆ. ಅರ್ಜಿ ಒಪ್ಪುವುದೋ ಬಿಡುವುದೋ, ಒಪ್ಪಿದರೆ ಯಾವ ದರಕ್ಕೆ ಎಂಬ ತೀರ್ಮಾನವನ್ನು ಯಾವುದು ಬದಲಿಸಬಲ್ಲದೋ ಅದು ಮುಖ್ಯ ಸಂಗತಿ. ಸಾವಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಜನ ಎಡವುವುದು ಬಹುಮಟ್ಟಿಗೆ ಇಲ್ಲಿಯೇ. ‘ಶುಗರ್ ಇತ್ತು ನಿಜ, ಸತ್ತದ್ದು ಅಪಘಾತದಲ್ಲಿ ತಾನೆ’ ಎಂಬ ವಾದ ಮನೆಯವರಿಗೆ ನ್ಯಾಯವಾಗಿಯೇ ಕಾಣುತ್ತದೆ. ಅಂಡರ್‌ರೈಟರ್ ನೋಡುವುದು ಸಾವಿನ ದಿನವನ್ನಲ್ಲ, ಅರ್ಜಿಗೆ ಸಹಿ ಬಿದ್ದ ದಿನವನ್ನು.

ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ನೋಡದೆ ಕೊಂಡರೆ ನಷ್ಟ ಅವನದು. ಮಾರುವವನು ತಾನಾಗಿ ದೋಷ ಹೇಳಬೇಕಿಲ್ಲ. ವಿಮೆಯಲ್ಲಿ ಕೊಳ್ಳುವ ಸರಕೇ ಅಪಾಯ, ಮತ್ತು ಅದರ ವಿವರವೆಲ್ಲ ಇರುವುದು ಅರ್ಜಿದಾರರ ಬಳಿ. ರಾತ್ರಿ ಎದೆ ನೋಯುತ್ತದೆಯೇ, ಅಪ್ಪನಿಗೆ ಎಷ್ಟನೇ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು, ದಿನಕ್ಕೆ ಎಷ್ಟು ಬೀಡಿ ಸೇದುತ್ತಾರೆ ಎಂಬುದು ಕಂಪನಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ವಿಮಾ ಒಪ್ಪಂದದಲ್ಲಿ ಸಾಮಾನ್ಯ ಪ್ರಾಮಾಣಿಕತೆ ಸಾಲದು, ಪರಮ ಸದ್ಭಾವನೆ ಬೇಕು ಎಂದು ಕಾನೂನು ಹೇಳುತ್ತದೆ. ಭಾರತದ 1963ರ ಕಡಲ ವಿಮಾ ಕಾಯ್ದೆಯ 19ನೇ ಸೆಕ್ಷನ್ ಇದನ್ನು ನೇರವಾಗಿಯೇ ಹೇಳಿದೆ. ಉಳಿದ ವಿಮೆಗಳಿಗೂ ನ್ಯಾಯಾಲಯಗಳು ಇದೇ ತತ್ವವನ್ನು ಅನ್ವಯಿಸುತ್ತ ಬಂದಿವೆ.

ಈ ತತ್ವದ ಬೇರು ಇರುವುದು 1766ರ ಲಂಡನ್ನಿನ ಒಂದು ತೀರ್ಪಿನಲ್ಲಿ. ಸುಮಾತ್ರಾ ದ್ವೀಪದಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಫೋರ್ಟ್ ಮಾರ್ಲ್‌ಬರೊ ಎಂಬ ಕೋಟೆಯಿತ್ತು. ಅದರ ಗವರ್ನರ್ ಜಾರ್ಜ್ ಕಾರ್ಟರ್, ವಿದೇಶಿ ಶತ್ರುಗಳು ಕೋಟೆ ಹಿಡಿದರೆ ತನಗೆ ಆಗುವ ನಷ್ಟಕ್ಕೆಂದು ಲಂಡನ್ನಿನಲ್ಲಿದ್ದ ತಮ್ಮ ಸಹೋದರನ ಮೂಲಕ ವಿಮೆ ಮಾಡಿಸಿದ. ಲಂಡನ್ನಿನಲ್ಲಿ ಆ ಪಾಲಿಸಿಗೆ ಸಹಿ ಬಿದ್ದದ್ದು 1760ರ ಮೇ ತಿಂಗಳಲ್ಲಿ. ಫ್ರೆಂಚರು ಆ ಕೋಟೆಯನ್ನು ಏಪ್ರಿಲಿನಲ್ಲೇ ಹಿಡಿದಾಗಿತ್ತು; ಸಮುದ್ರದ ಆಚೆಯ ಸುದ್ದಿ ಇನ್ನೂ ಯಾರಿಗೂ ತಲುಪಿರಲಿಲ್ಲ. ಕೋಟೆ ದುರ್ಬಲವಾಗಿತ್ತು, ಫ್ರೆಂಚರ ಭಯವಿತ್ತು, ಇದನ್ನು ಗವರ್ನರ್ ಮುಚ್ಚಿಟ್ಟ ಎಂದು ವಿಮೆ ಕೊಟ್ಟ ಚಾರ್ಲ್ಸ್ ಬೋಮ್ ಹಣ ತಡೆದ.

ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಬಚ್ಚಿಟ್ಟು, ಇನ್ನೊಬ್ಬರ ಅಜ್ಞಾನದ ಮೇಲೆ ವ್ಯವಹಾರ ಕುದುರಿಸುವುದು ಸದ್ಭಾವನೆಗೆ ವಿರುದ್ಧ ಎಂದು ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಬರೆದ. ಇಂದಿಗೂ ಎಲ್ಲರೂ ಉಲ್ಲೇಖಿಸುವುದು ಈ ಮಾತನ್ನು. ಆದರೆ ಮೊಕದ್ದಮೆ ಗೆದ್ದದ್ದು ಯಾರು ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಗೆದ್ದದ್ದು ಗವರ್ನರ್! ಯುದ್ಧ ನಡೆಯುತ್ತಿದ್ದುದು ಜಗಜ್ಜಾಹೀರು. ಫ್ರೆಂಚ್ ಹಡಗುಗಳ ಸುದ್ದಿ ಸುಮಾತ್ರಾಕ್ಕಿಂತ ಲಂಡನ್ನಿಗೇ ಚೆನ್ನಾಗಿ ಗೊತ್ತು. ಕೋಟೆ ಹೇಗಿದೆ ಎಂದು ಕೇಳದೆ ಪ್ರೀಮಿಯಂ ಪಡೆದವನು, ನಷ್ಟವಾದ ಮೇಲೆ ನನಗೆ ಹೇಳಲಿಲ್ಲ ಎನ್ನುವಂತಿಲ್ಲ ಎಂದು ಮ್ಯಾನ್ಸ್‌ಫೀಲ್ಡ್ ತೀರ್ಮಾನಿಸಿದ. ಸದ್ಭಾವನೆ ಎರಡೂ ಕಡೆಗೆ ಹರಿಯಬೇಕು ಎಂಬ ಅರ್ಧ ಹುಟ್ಟಿದಾಗಲೇ ಅದರೊಳಗಿತ್ತು. ನಮ್ಮ ಕಂಪನಿಗಳ ನಿರಾಕರಣೆ ಪತ್ರಗಳಲ್ಲಿ ಮೊದಲ ಅರ್ಧ ದಪ್ಪಕ್ಷರದಲ್ಲಿ ಇರುತ್ತದೆ, ಎರಡನೆಯದು ಇರುವುದೇ ಇಲ್ಲ.

ಗುಜರಾತಿನ ಪ್ರಕರಣಕ್ಕೆ ಹಿಂತಿರುಗಿದರೆ, ಅಲ್ಲಿ ಪತ್ನಿಯ ಪರವಾಗಿ ಇನ್ನೊಂದು ವಾದ ಬಂದಿತ್ತು: ಫಾರಂ ತುಂಬಿದ್ದು ಏಜೆಂಟ್, ಒಳಗೇನಿದೆ ಎಂದು ವಿವರಿಸದೆ ಸಹಿ ಮಾಡಿಸಿಕೊಂಡರು. ನಮ್ಮಲ್ಲಿ ಪಾಲಿಸಿ ಮಾರಾಟವಾಗುವ ರೀತಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ಏಜೆಂಟ್ ಪರಿಚಯದವರು, ನೆಂಟರು, ಒಮ್ಮೊಮ್ಮೆ ಮಕ್ಕಳ ಮೇಷ್ಟರು. ಕಾಫಿ ಕುಡಿಯುತ್ತಲೇ ‘ಇಲ್ಲಿ ಇಲ್ಲಿ ಇಲ್ಲಿ ಸಹಿ ಹಾಕಿ ಸಾರ್, ಉಳಿದದ್ದು ನಾನು ನೋಡ್ಕೋತೀನಿ’ ಎನ್ನುತ್ತಾರೆ. ಆರೋಗ್ಯದ ಪ್ರಶ್ನೆಗಳ ಎದುರು ಸಾಲಾಗಿ ‘ಇಲ್ಲ, ಇಲ್ಲ, ಇಲ್ಲ’ ಬೀಳುತ್ತದೆ. ಶುಗರ್ ಇದೆ ಎಂದು ಅರ್ಜಿದಾರರು ಬಾಯಲ್ಲಿ ಹೇಳಿದರೂ ‘ಅದನ್ನೆಲ್ಲ ಬರೆದರೆ ಪಾಲಿಸಿ ಆಗೋದು ತಡ’ ಎಂಬ ಉತ್ತರ ಬರುತ್ತದೆ.

ಆ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಪ್ಪದಿರಲು ಅದು ಆಧಾರವಾಗಿ ತೆಗೆದುಕೊಂಡದ್ದರಲ್ಲಿ ನಮ್ಮದೇ ಮೈಸೂರು ಹೈಕೋರ್ಟಿನ ತೀರ್ಪೊಂದಿದೆ. ಪ್ರೀಮಿಯರ್ ಲೈಫ್ ಅಂಡ್ ಜನರಲ್ ಇನ್ಶೂರೆನ್ಸ್ ಕಂಪನಿಯ ಮೇಲಿನ ಆ ಮೊಕದ್ದಮೆಯ ತೀರ್ಪು 1958ರ ಕಾನೂನು ವರದಿಗಳಲ್ಲಿ ಅಚ್ಚಾಗಿದೆ. ಓದದೆ ಅಥವಾ ಅರ್ಥ ಮಾಡಿಕೊಳ್ಳದೆ ಸಹಿ ಮಾಡಿದೆ ಎಂದು ಹೇಳಿ ಅರ್ಜಿದಾರರು ಪಾರಾಗಲು ಬರುವುದಿಲ್ಲ. ಫಾರಂ ತುಂಬುವ ಹೊತ್ತಿನಲ್ಲಿ ಏಜೆಂಟ್ ಕಂಪನಿಯ ಪ್ರತಿನಿಧಿಯಾಗಿ ಉಳಿಯದೆ ಅರ್ಜಿದಾರರ ಪ್ರತಿನಿಧಿಯಾಗುತ್ತಾರೆ ಎಂಬುದು ಅದರ ಸಾರ. ಕಮಿಷನ್ ಕೊಡುವುದು ಕಂಪನಿ, ಗುರುತಿನ ಚೀಟಿ ಕೊಡುವುದು ಕಂಪನಿ, ತಪ್ಪು ಬರೆದಾಗ ಮಾತ್ರ ಅವರು ಗಿರಾಕಿಯ ಕಡೆಯವರು. ಸಾಮಾನ್ಯ ಓದುಗರಿಗೆ ಇದು ಅನ್ಯಾಯವೆನಿಸಿದರೆ ಆಶ್ಚರ್ಯವಿಲ್ಲ. ಆದರೂ ಇವತ್ತಿನ ಕಾನೂನು ಹೀಗಿದೆ. ಇಂಗ್ಲಿಷ್ ಫಾರಮ್ಮಿಗೆ ಕನ್ನಡದಲ್ಲಿ ಸಹಿ ಮಾಡುವವರಿಗಾಗಿ ಕೊನೆಯಲ್ಲಿ ಒಂದು ಘೋಷಣೆ ಇರುತ್ತದೆ: ‘ಇದರಲ್ಲಿರುವುದನ್ನು ನನ್ನ ಭಾಷೆಯಲ್ಲಿ ವಿವರಿಸಿದ್ದಾರೆ, ನನಗೆ ಅರ್ಥವಾಗಿದೆ.’ ಅದಕ್ಕೂ ಸಹಿ ಬಿದ್ದಿದ್ದರೆ ಮುಂದೆ ವಾದಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಮುಚ್ಚಿಟ್ಟದ್ದು ಹೊರಬರುವುದು ಹೇಗೆ? ಪಾಲಿಸಿ ಕೊಡುವಾಗ ಕಂಪನಿ ಅಷ್ಟಾಗಿ ಕೆದಕುವುದಿಲ್ಲ, ಕೆದಕುವುದು ಕ್ಲೇಮು ಬಂದಾಗ. ಪಾಲಿಸಿ ಮಾಡಿಸಿದ ಮೂರು ವರ್ಷದೊಳಗೆ ಸಾವು ಸಂಭವಿಸಿದರೆ ಅದನ್ನು ‘ಅರ್ಲಿ ಕ್ಲೇಮ್’ ಎಂದು ಬೇರೆ ಇಟ್ಟು ತನಿಖೆಗೆ ಕಳಿಸುತ್ತಾರೆ. ತನಿಖೆಯವರು ಊರಿಗೆ ಬರುತ್ತಾರೆ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ, ಕೆಲಸದ ಜಾಗದಲ್ಲಿ ವೈದ್ಯಕೀಯ ರಜೆಯ ದಾಖಲೆ ಕೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಆಸ್ಪತ್ರೆಯ ಕೇಸ್‌ಶೀಟ್. ದಾಖಲಾದಾಗ ಡ್ಯೂಟಿ ಡಾಕ್ಟರು ‘ಎಷ್ಟು ವರ್ಷದಿಂದ ಶುಗರ್ ಇದೆ?’ ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಮಗ ಅಂದಾಜಿಗೆ ‘ಹತ್ತು ವರ್ಷ ಇರಬಹುದು’ ಎನ್ನುತ್ತಾನೆ. ಡಾಕ್ಟರು ಅದನ್ನೇ ಬರೆಯುತ್ತಾರೆ, ಡಿಸ್ಚಾರ್ಜ್ ಸಮರಿಗೂ ಅದೇ ಇಳಿಯುತ್ತದೆ. ಪಾಲಿಸಿ ಎರಡು ವರ್ಷದ್ದು, ಶುಗರ್ ಹತ್ತು ವರ್ಷದ್ದು! ಕಂಪನಿಗೆ ಬೇಕಾದದ್ದು ಆ ಒಂದು ಸಾಲು.

ಆದರೆ ಆ ಒಂದು ಸಾಲೇ ಅಂತಿಮವಲ್ಲ. ಯಾರು ಹೇಳಿದರು ಎಂಬುದಿಲ್ಲದ, ಬರೆದ ವೈದ್ಯರ ಪ್ರಮಾಣಪತ್ರವಿಲ್ಲದ, ಹಿಂದಿನ ಚಿಕಿತ್ಸೆಯ ಚೀಟಿಯಾಗಲೀ ಲ್ಯಾಬ್ ವರದಿಯಾಗಲೀ ಇಲ್ಲದ ಇಂಥ ಬರಹವನ್ನು ಗ್ರಾಹಕ ಆಯೋಗಗಳು ಹಲವು ಪ್ರಕರಣಗಳಲ್ಲಿ ತಳ್ಳಿಹಾಕಿವೆ. ಮುಚ್ಚಿಟ್ಟಿದ್ದಾರೆ ಎಂದು ಆರೋಪಿಸುವ ಕಂಪನಿಯೇ ಅದನ್ನು ಸಾಬೀತು ಮಾಡಬೇಕು.

ಸಾಬೀತಾದ ಪ್ರಕರಣ ಹೇಗಿರುತ್ತದೆ ಎಂಬುದಕ್ಕೆ ಪಂಜಾಬಿನದೊಂದು ಉದಾಹರಣೆ. 2014ರ ಆಗಸ್ಟ್ 12ರಂದು ಬಜಾಜ್ ಅಲಯನ್ಸ್ ಒಬ್ಬರಿಗೆ ಎಂಟೂವರೆ ಲಕ್ಷದ ಪಾಲಿಸಿ ಕೊಟ್ಟಿತು. ಸೆಪ್ಟೆಂಬರ್ 12ರಂದು, ಸರಿಯಾಗಿ ಒಂದು ತಿಂಗಳಿಗೆ, ಅವರು ತೀರಿಕೊಂಡರು. ಅರ್ಜಿಯಲ್ಲಿ ಆರೋಗ್ಯದ ಪ್ರಶ್ನೆಗಳಿಗೆಲ್ಲ ‘ಇಲ್ಲ’ ಎಂದಿತ್ತು. ತನಿಖೆಯಲ್ಲಿ ಸಿಕ್ಕ ಆಸ್ಪತ್ರೆಯ ದಾಖಲೆಗಳು ಹೇಳಿದ್ದು ಬೇರೆ: ಹೆಪಟೈಟಿಸ್ ಸಿ ಇತ್ತು, ರಕ್ತವಾಂತಿಯಾಗಿ ಚಿಕಿತ್ಸೆ ಪಡೆದಿದ್ದರು. ನಾಮಿನಿ ಅವರ ತಾಯಿ. ಜಿಲ್ಲೆಯಿಂದ ರಾಷ್ಟ್ರೀಯ ಆಯೋಗದವರೆಗೆ ಮೂರೂ ಹಂತಗಳಲ್ಲಿ ತಾಯಿ ಗೆದ್ದರು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿತು. ಅಷ್ಟರಲ್ಲಿ ಕಂಪನಿ ಹಣ ಪಾವತಿ ಮಾಡಿಬಿಟ್ಟಿತ್ತು. ಎಪ್ಪತ್ತು ವರ್ಷದ, ಮಗನನ್ನೇ ನೆಚ್ಚಿಕೊಂಡಿದ್ದ ಆ ತಾಯಿಯಿಂದ ಹಣ ವಾಪಸು ಪಡೆಯಬೇಡಿ ಎಂದು ನ್ಯಾಯಾಲಯ ತನ್ನ ವಿಶೇಷಾಧಿಕಾರ ಬಳಸಿ ಹೇಳಿತು. ಅದು ಅನುಕಂಪದ ಆದೇಶ, ಹಕ್ಕಿನದಲ್ಲ.

ಹಾಗೆಂದು ಮುಚ್ಚಿಟ್ಟದ್ದೆಲ್ಲ ಮುಖ್ಯ ಸಂಗತಿಯೇ ಆಗಬೇಕೆಂದಿಲ್ಲ. ಎಲ್‌ಐಸಿ ವಿರುದ್ಧದ ಒಂದು ಪ್ರಕರಣದಲ್ಲಿ ಪಾಲಿಸಿದಾರರು ತಮಗಿದ್ದ ಸೊಂಟದ ಬೆನ್ನುಮೂಳೆ ಸವೆತವನ್ನು ಹೇಳಿರಲಿಲ್ಲ, ಸತ್ತದ್ದು ಹೃದಯದ ಕಾಯಿಲೆಯಿಂದ. ಬೆನ್ನುನೋವು ಪ್ರಾಣಕ್ಕೆ ಎರವಾಗುವಂಥದ್ದಲ್ಲ, ಸಾವಿಗೂ ಅದಕ್ಕೂ ಸಂಬಂಧವಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಕ್ಲೇಮು ಕೊಡಿಸಿತು. ಸಾವಿನ ಸಂಬಂಧ ಬೇಕಿಲ್ಲ ಎಂಬ ಮಾತಿಗೂ ಇದಕ್ಕೂ ಸ್ವಲ್ಪ ಎಳೆದಾಟವಿದೆ, ನಿಜ. ನ್ಯಾಯಾಲಯಗಳು ಪ್ರತಿಯೊಂದು ಪ್ರಕರಣದ ಸಂಗತಿಯನ್ನು ಹಿಡಿದು ತೂಗುತ್ತವೆ, ಆದ್ದರಿಂದ ಎಲ್ಲಕ್ಕೂ ಒಂದೇ ಸೂತ್ರ ಹುಡುಕಿದರೆ ಸಿಗದು.

2025ರ ಫೆಬ್ರುವರಿಯ ತೀರ್ಪು ಗುಜರಾತಿನ ಪ್ರಕರಣದ ಪಕ್ಕದಲ್ಲಿಟ್ಟು ಓದಬೇಕಾದದ್ದು. ಎಕ್ಸೈಡ್ ಲೈಫ್‌ನಲ್ಲಿ 2014ರ ಜೂನ್‌ನಲ್ಲಿ 25 ಲಕ್ಷಕ್ಕೆ ವಿಮೆ ಮಾಡಿಸಿದ ಒಬ್ಬರು ಮರುವರ್ಷ ಅಪಘಾತದಲ್ಲಿ ತೀರಿಕೊಂಡರು. ಬೇರೆ ಪಾಲಿಸಿ ಇದೆಯೇ ಎಂಬ ಅದೇ ಪ್ರಶ್ನೆಗೆ ಅವರು ಅವೀವಾ ಕಂಪನಿಯ 40 ಲಕ್ಷದ ಪಾಲಿಸಿಯನ್ನು ಬರೆದಿದ್ದರು. ಎಲ್ಲ ಸೇರಿ ಎರಡು ಲಕ್ಷ ಚಿಲ್ಲರೆಯಾಗುವ ಎಲ್‌ಐಸಿ ಪಾಲಿಸಿಗಳನ್ನು ಬಿಟ್ಟಿದ್ದರು. ಕಂಪನಿ ಇದನ್ನೇ ಹಿಡಿದು ಕ್ಲೇಮು ತಿರಸ್ಕರಿಸಿತು. ದೊಡ್ಡ ಪಾಲಿಸಿ ಗೊತ್ತಿದ್ದೂ ವಿಮೆ ಕೊಟ್ಟ ಕಂಪನಿಯ ನಿರ್ಧಾರವನ್ನು ಈ ಸಣ್ಣ ಮೊತ್ತ ಬದಲಿಸುತ್ತಿರಲಿಲ್ಲ, ಹಾಗಾಗಿ ಅದು ಮುಖ್ಯ ಸಂಗತಿಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ, ಕುಟುಂಬಕ್ಕೆ ಹಣ ಕೊಡುವಂತೆ ಆದೇಶಿಸಿತು. ಪ್ರಶ್ನೆ ಒಂದೇ, ಬಿಟ್ಟ ಉತ್ತರ ಒಂದೇ ಬಗೆಯದು, ಫಲ ಮಾತ್ರ ಬೇರೆ. ಒಂದರಲ್ಲಿ ಅಂಡರ್‌ರೈಟರ್‌ಗೆ ಇಡೀ ಚಿತ್ರ ಸಿಕ್ಕಿರಲಿಲ್ಲ; ಇನ್ನೊಂದರಲ್ಲಿ ಹೆಚ್ಚುಕಡಿಮೆ ಸಿಕ್ಕಿತ್ತು.

ಮ್ಯಾನ್ಸ್‌ಫೀಲ್ಡ್ ಬರೆದ ತೀರ್ಪಿನ ಇನ್ನೊಂದು ಅರ್ಧ ನಮ್ಮಲ್ಲಿ ಮತ್ತೆ ಜೋರಾಗಿ ಕೇಳಿಬಂದದ್ದು 2021ರ ಡಿಸೆಂಬರಿನಲ್ಲಿ. ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಿಂದ ಅದೇ ವರ್ಷ ದೆಹಲಿಗೆ ಹೋಗಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. 2009ರಲ್ಲಿ ಮದುವೆಗೆಂದು ಅಮೆರಿಕಕ್ಕೆ ಹೊರಟ ಒಬ್ಬರು ಯುನೈಟೆಡ್ ಇಂಡಿಯಾ ಕಂಪನಿಯಿಂದ ಪ್ರವಾಸದ ಆರೋಗ್ಯವಿಮೆ ಪಡೆದಿದ್ದರು. ಮಧುಮೇಹ ಇದೆ ಎಂದು ಮೊದಲೇ ತಿಳಿಸಿದ್ದರು, ತಪಾಸಣೆಯೂ ಆಗಿತ್ತು, ಇಸಿಜಿ ಸರಿಯಿತ್ತು. ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದಾಗ ಹೃದಯಾಘಾತವಾಯಿತು, ಮೂರು ಸ್ಟೆಂಟ್ ಹಾಕಿದರು. ಕೊಲೆಸ್ಟರಾಲಿನ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ಹೇಳಲಿಲ್ಲ ಎಂದು ಕಂಪನಿ ಬಿಲ್ ಕೊಡಲು ನಿರಾಕರಿಸಿತು.

ಮಧುಮೇಹಿಗಳಿಗೆ ಸ್ಟ್ಯಾಟಿನ್ ಮುನ್ನೆಚ್ಚರಿಕೆಯಾಗಿ ಕೊಡುವುದು ವೈದ್ಯರ ವಾಡಿಕೆ. ಮಧುಮೇಹ ಇದೆಯೆಂದು ಗೊತ್ತಿದ್ದೇ ವಿಮೆ ಕೊಟ್ಟ ಕಂಪನಿ, ಆಮೇಲೆ ಅದೇ ಕಾಯಿಲೆಯ ನೆರಳಿನಲ್ಲಿ ನಿಂತು ಹಣ ತಡೆಯುವಂತಿಲ್ಲ ಎಂದು ತೀರ್ಪು ಹೇಳಿತು. ಅದರಲ್ಲಿ ಎಲ್ಲರೂ ನೆನಪಿಡಬೇಕಾದ ಇನ್ನೊಂದು ಮಾತಿದೆ. ಅರ್ಜಿಯ ಯಾವುದಾದರೂ ಕಲಮು ಖಾಲಿ ಬಿಟ್ಟಿದ್ದರೆ ತುಂಬಿಸಿಕೊಳ್ಳುವುದು ಕಂಪನಿಯ ಹೊಣೆ. ಖಾಲಿ ಇದ್ದರೂ ಪ್ರೀಮಿಯಂ ಪಡೆದು ಪಾಲಿಸಿ ಕೊಟ್ಟರೆ, ಕ್ಲೇಮು ಬಂದಾಗ ಮುಚ್ಚಿಟ್ಟರು ಎನ್ನುವಂತಿಲ್ಲ. ಖಾಲಿ ಬಿಟ್ಟದ್ದಕ್ಕೂ ‘ಇಲ್ಲ’ ಎಂದು ಬರೆದದ್ದಕ್ಕೂ ಕಾನೂನಿನ ಕಣ್ಣಲ್ಲಿ ಅಜಗಜಾಂತರ.

ಜೀವವಿಮೆಯಲ್ಲಿ ಕಂಪನಿಯ ಈ ಕೆದಕಾಟಕ್ಕೆ ಗಡುವಿದೆ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ನಿಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ, ವಂಚನೆಯ ಕಾರಣಕ್ಕೂ ಇಲ್ಲ. ಮೂರು ವರ್ಷದೊಳಗೆ ಪ್ರಶ್ನಿಸಿದರೆ ಎರಡು ಬಗೆ. ಮುಖ್ಯ ಸಂಗತಿ ಮುಚ್ಚಿಟ್ಟದ್ದು ವಂಚನೆಯ ಮಟ್ಟಕ್ಕೆ ಹೋಗಿಲ್ಲವಾದರೆ ಕಟ್ಟಿದ ಪ್ರೀಮಿಯಂ 90 ದಿನದೊಳಗೆ ವಾಪಸು ಬರುತ್ತದೆ, ವಿಮೆಯ ಹಣ ಬರುವುದಿಲ್ಲ. ವಂಚನೆ ಎಂದಾದರೆ ಪ್ರೀಮಿಯಂ ಕೂಡ ಇಲ್ಲ.

ಈ ಗಡುವಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ತಿರುವಿದೆ. ಕಂತು ಕಟ್ಟದೆ ಪಾಲಿಸಿ ನಿಂತುಹೋಗಿ, ಮತ್ತೆ ಚಾಲ್ತಿಗೆ ತಂದರೆ, ಮೂರು ವರ್ಷದ ಎಣಿಕೆ ಚಾಲ್ತಿಗೆ ಬಂದ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಚಾಲ್ತಿಗೆ ತರುವಾಗ ಆರೋಗ್ಯದ ಘೋಷಣೆಯ ಫಾರಂ ಒಂದನ್ನು ಕೊಡುತ್ತಾರೆ. ಅದೂ ಪೂರ್ಣ ತೂಕದ ದಾಖಲೆಯೇ. ಹದಿನೈದು ವರ್ಷದ ಹಳೆಯ ಪಾಲಿಸಿ, ಇನ್ನೇನು ಭಯ ಎಂದುಕೊಂಡು, ನಡುವೆ ಬಂದ ಬಿಪಿ, ಶುಗರ್ ಬರೆಯದೆ ಸಹಿ ಮಾಡಿದವರ ಕುಟುಂಬ ಆಮೇಲೆ ಕಂಗಾಲಾಗುತ್ತದೆ. ಕಂತುಗಳನ್ನು ತಪ್ಪದೆ ಕಟ್ಟಿಕೊಂಡು ಬಂದವರಿಗೆ ಈ ತಾಪತ್ರಯವಿಲ್ಲ. ಜೀವವಿಮೆ ಮಂಜೂರಾದ ಮೇಲೆ ಹೊಸದಾಗಿ ಬಂದ ಕಾಯಿಲೆಯನ್ನು ಕಂಪನಿಗೆ ತಿಳಿಸಬೇಕಾದ್ದೂ ಇಲ್ಲ. ಅರ್ಜಿ ಕೊಟ್ಟ ದಿನಕ್ಕೂ ಅದು ಮಂಜೂರಾದ ದಿನಕ್ಕೂ ನಡುವೆ ಏನಾದರೂ ಆದರೆ ಮಾತ್ರ ತಿಳಿಸಲೇಬೇಕು.

ಆರೋಗ್ಯವಿಮೆಯ ಲೆಕ್ಕ ಬೇರೆ. ಅಲ್ಲಿ ಗಡುವು ಮೂರಲ್ಲ, ನಿರಂತರವಾಗಿ ಐದು ವರ್ಷ. 2024ಕ್ಕೆ ಮೊದಲು ಎಂಟು ವರ್ಷವಿತ್ತು. ಐದು ವರ್ಷದ ನಂತರವೂ ವಂಚನೆ ಸಾಬೀತಾದರೆ ಕ್ಲೇಮು ನಿಲ್ಲಬಹುದು. ಇದರ ಜೊತೆ ಜನ ಬೆರೆಸಿಬಿಡುವ ಇನ್ನೊಂದು ಅವಧಿಯಿದೆ: ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ. ಅದು ಈಗ ಹೆಚ್ಚೆಂದರೆ ಮೂರು ವರ್ಷ. ಕಾಯಿಲೆಯನ್ನು ಹೇಳಿಕೊಂಡವರು ಆ ಕಾಯಿಲೆಯ ಚಿಕಿತ್ಸೆಗೆ ಅಷ್ಟು ಕಾಲ ಕಾದರೆ ಸಾಕು, ಉಳಿದ ಕಾಯಿಲೆಗಳಿಗೆ ವಿಮೆ ನಡೆಯುತ್ತಲೇ ಇರುತ್ತದೆ. ಮುಚ್ಚಿಟ್ಟವರಿಗೆ ಪಾಲಿಸಿಯೇ ರದ್ದಾಗಬಹುದು.

ಹೇಳಿಕೊಂಡಿದ್ದರೆ ಆಗುತ್ತಿದ್ದ ಖರ್ಚೆಷ್ಟು? ಒಂದು ಲೆಕ್ಕ ಹಿಡಿಯೋಣ. ಅಂಕಿಗಳು ತಿಳಿವಳಿಕೆಗೆ ಮಾತ್ರ. ಆರೋಗ್ಯವಂತರಿಗೆ 50 ಲಕ್ಷದ ಟರ್ಮ್ ಪಾಲಿಸಿಗೆ ವರ್ಷಕ್ಕೆ 15,000 ರೂಪಾಯಿ ಪ್ರೀಮಿಯಂ ಇದೆ. ಹತೋಟಿಯಲ್ಲಿರುವ ಶುಗರ್ ಇದೆಯೆಂದು ಬರೆದರೆ ಕಂಪನಿ ಕಾಲು ಭಾಗ ಹೆಚ್ಚು ಕೇಳುತ್ತದೆ ಎಂದುಕೊಳ್ಳಿ. ಆಗ ಪ್ರೀಮಿಯಂ 18,750. ಮುಚ್ಚಿಟ್ಟವರು ವರ್ಷಕ್ಕೆ ಉಳಿಸಿದ್ದು 3,750 ರೂಪಾಯಿ. ಎರಡನೆಯ ವರ್ಷದಲ್ಲಿ ಅವರು ತೀರಿಕೊಂಡು ಸಂಗತಿ ಹೊರಬಿದ್ದರೆ, 7,500 ಉಳಿಸಿದ್ದಕ್ಕೆ ಮನೆಯವರು ಕಳೆದುಕೊಳ್ಳುವುದು ಐವತ್ತು ಲಕ್ಷ.

ಈ ತತ್ವ ಹುಟ್ಟಿದ ಬ್ರಿಟನ್ ಸಾಮಾನ್ಯ ಗ್ರಾಹಕರ ಮಟ್ಟಿಗೆ ಇದನ್ನು ಈಗಾಗಲೇ ಸಡಿಲಿಸಿದೆ. ಅಲ್ಲಿನ 2012ರ ಕಾಯ್ದೆಯಂತೆ ಗ್ರಾಹಕರು ತಾವಾಗಿ ಎಲ್ಲವನ್ನೂ ಹೇಳಬೇಕಿಲ್ಲ; ಕೇಳಿದ್ದಕ್ಕೆ ಎಚ್ಚರದಿಂದ, ಸರಿಯಾಗಿ ಉತ್ತರಿಸಿದರೆ ಸಾಕು. ಬೇಕೆಂದೇ ಸುಳ್ಳು ಹೇಳಿದವರಿಗೆ ಅಲ್ಲೂ ಹಣವಿಲ್ಲ. ಆದರೆ ಅಜಾಗರೂಕತೆಯಿಂದ ತಪ್ಪು ಹೇಳಿದ್ದರೆ, ಕಟ್ಟಿದ ಪ್ರೀಮಿಯಮ್ಮಿನ ಪ್ರಮಾಣಕ್ಕೆ ಕ್ಲೇಮು ಕೊಡಬೇಕು. ನಮ್ಮ ಲೆಕ್ಕಕ್ಕೇ ಇದನ್ನು ಹಚ್ಚಿದರೆ, 18,750ರ ಬದಲು 15,000 ಕಟ್ಟಿದವರು ಕಟ್ಟಿದ್ದು ನೂರಕ್ಕೆ ಎಂಬತ್ತರಷ್ಟು. ಮನೆಯವರಿಗೆ 40 ಲಕ್ಷ ಸಿಗುತ್ತಿತ್ತು. ನಮ್ಮಲ್ಲಿ ಸಿಕ್ಕರೆ ಐವತ್ತೂ ಲಕ್ಷ, ಇಲ್ಲವಾದರೆ ಕಟ್ಟಿದ ಪ್ರೀಮಿಯಂ ವಾಪಸು. ಏಜೆಂಟರ ಅವಸರದಿಂದಾದ ತಪ್ಪಿಗೂ ಬೇಕೆಂದೇ ಮಾಡಿದ ಮೋಸಕ್ಕೂ ಕುಟುಂಬದ ಪಾಲಿಗೆ ಹೆಚ್ಚು ವ್ಯತ್ಯಾಸವಿಲ್ಲದ ಈ ಏರ್ಪಾಡು ಬದಲಾಗಬೇಕು. ಪ್ರಮಾಣಕ್ಕೆ ತಕ್ಕ ಪರಿಹಾರ ಕೊಡುವುದೇ ಹೆಚ್ಚು ನ್ಯಾಯದ ದಾರಿ.

ಬದಲಾಗುವವರೆಗೆ ಕೈಯಲ್ಲಿರುವುದು ಅರ್ಜಿಯ ಪ್ರತಿ. ಪಾಲಿಸಿಯ ಜೊತೆ ಅದೂ ಬರುತ್ತದೆ, ಬರದಿದ್ದರೆ ಕೇಳಿ ಪಡೆಯಬೇಕು. ಪಾಲಿಸಿ ಕೈಸೇರಿದ ದಿನದಿಂದ 30 ದಿನ ಅದನ್ನು ಪರಿಶೀಲಿಸುವ ಅವಧಿ, ಬೇಡವೆನಿಸಿದರೆ ಹಿಂತಿರುಗಿಸಬಹುದು. ಆ ಅವಧಿಯಲ್ಲಿ ಆರೋಗ್ಯದ ಪ್ರಶ್ನೆಗಳನ್ನೂ ಬೇರೆ ಪಾಲಿಸಿಗಳ ಕಲಮನ್ನೂ ಮನೆಯವರೊಂದಿಗೆ ಕೂತು ಓದಿ, ಏಜೆಂಟ್ ತಪ್ಪು ಬರೆದಿದ್ದರೆ ಇಮೇಲಿನಲ್ಲೋ ರಿಜಿಸ್ಟರ್ಡ್ ಪೋಸ್ಟಿನಲ್ಲೋ ಕಂಪನಿಗೇ ನೇರವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಬೇಕು. ಏಜೆಂಟರ ಕಿವಿಗೆ ಹಾಕಿದ ಮಾತು ದಾಖಲೆಯಾಗುವುದಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಅವರು ಕಳಿಸಿದ ‘ಓಕೆ’ ಕೂಡ ನೆಚ್ಚಿಕೊಳ್ಳುವಂಥದ್ದಲ್ಲ. ನೆನಪಿಲ್ಲದ ಪ್ರಶ್ನೆಗೆ ಅಂದಾಜಿನ ‘ಇಲ್ಲ’ ಬೇಡ. ‘ನೆನಪಿಲ್ಲ, ಇಂಥ ಆಸ್ಪತ್ರೆಯಲ್ಲಿ ತೋರಿಸಿದ್ದೆ’ ಎಂದು ಬರೆದರೆ ವಿಚಾರಿಸುವ ಹೊಣೆ ಕಂಪನಿಗೆ ದಾಟುತ್ತದೆ.

ಕ್ಲೇಮು ತಿರಸ್ಕೃತವಾದ ಮೇಲೂ ದಾರಿ ಮುಚ್ಚಿಲ್ಲ. ತಿರಸ್ಕಾರದ ಪತ್ರದಲ್ಲಿ ಕಾರಣ ಲಿಖಿತವಾಗಿ ಇರಲೇಬೇಕು. ಮುಚ್ಚಿಟ್ಟ ಸಂಗತಿ ಯಾವುದು, ಅದಕ್ಕೆ ಆಧಾರವಾದ ದಾಖಲೆ ಯಾವುದು, ಅದು ಗೊತ್ತಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲವೇ ಎಂಬ ಮೂರನ್ನು ಕಂಪನಿಯಿಂದ ಬರಹದಲ್ಲಿ ಕೇಳಬೇಕು. ಕಂಪನಿಯ ದೂರು ವಿಭಾಗಕ್ಕೆ ಬರೆದೂ ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ. 50 ಲಕ್ಷ ರೂಪಾಯಿವರೆಗಿನ ದೂರುಗಳನ್ನು ಅಲ್ಲಿ ಕೇಳುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.